ನಿಮ್ಮ ಚಿಕ್ಕಪ್ಪ ಮೊಂಡ ಅಲ್ಲ: ಕನ್ಫರ್ಮೇಷನ್ ಬಯಾಸ್ ಲೇಖನ ವಾಪಸ್ ಕಳಿಸ್ತಿರೋದಕ್ಕೆ ಕಾರಣ

"ಮೇಡಂ, ನಾನು ಸಕಲೇಶಪುರದ ಹತ್ರದವನು. 'ಕನ್ಫರ್ಮೇಷನ್ ಬಯಾಸ್ ಅಂದ್ರೆ ಓದಿದವರ ಮೊಂಡುತನ' ಅಂತ ಲೇಖನ ಕಳ್ಸಿದ್ದೆ. ಆನೆ ನ್ಯೂಸ್ ಬಗ್ಗೆ ನಮ್ಮ ಚಿಕ್ಕಪ್ಪ ಅಪ್ಪನ ವಾದ, ಆಮೇಲೆ ಅಮ್ಮ ಅತ್ತಿಗೆ ಫೋನ್ ಜಗಳ, ಎರಡೂ ನಮ್ಮನೇಲಿ ನಡೆದಿದ್ದೇ. ಎರಡೂ ಕಡೆಯವರ ಪೇಪರ್ ಓದಿದ್ರೆ ಇದು ಸರಿಹೋಗುತ್ತೆ ಅಂತ ಮುಗ್ಸಿದೀನಿ. ಯಾಕೆ ಹಾಕ್ಲಿಲ್ಲ? ಏನು ತಪ್ಪಿದೆ ನೇರವಾಗಿ ಹೇಳಿ, ಬೇಜಾರು ಮಾಡ್ಕೊಳಲ್ಲ."

ನೇರವಾಗೇ ಹೇಳ್ತೀನಿ. ಟೈಟಲ್ ತಪ್ಪು, ಮುಗಿಸಿರೋದು ತಪ್ಪು, ಮಧ್ಯದಲ್ಲಿರೋ ನಿಮ್ಮನೆ ಎರಡು ಪ್ರಸಂಗ ಮಾತ್ರ ಬಂಗಾರದಂಥವು, ಆದ್ರೆ ಅವನ್ನ ನೀವು ಪೂರ್ತಿ ನೋಡೋಕೆ ಮುಂಚೆನೇ ತೀರ್ಪು ಕೊಟ್ಬಿಟ್ಟಿದೀರ.

ಮೊದಲು ಮೊಂಡುತನ ಅನ್ನೋ ಪದ. ಕನ್ಫರ್ಮೇಷನ್ ಬಯಾಸ್ ಅಂದ್ರೆ ನಾವು ಮೊದಲೇ ನಂಬಿರೋದಕ್ಕೆ ಸರಿಹೋಗೋದನ್ನೇ ಹುಡುಕೋದು, ಅದನ್ನೇ ಸುಲಭವಾಗಿ ಒಪ್ಪೋದು. ಮೊಂಡನಿಗೆ ಎದುರಿನವರ ಹತ್ರ ಸಾಕ್ಷಿ ಇದೆ ಅಂತ ಗೊತ್ತಿರುತ್ತೆ, ಆದ್ರೂ ಒಪ್ಪಲ್ಲ. ಈ ಬಯಾಸ್ ಇರೋವ್ರಿಗೆ ಹಾಗಲ್ಲ, ತಾನು ಸರಿಯಾಗಿ ಹುಡುಕಿ ನೋಡಿ ಆಮೇಲೇ ಹೇಳ್ತಿದೀನಿ ಅಂತ ಮನಸ್ಸಾರೆ ನಂಬಿಕೆ ಇರುತ್ತೆ. ನೀವು ನಾಲ್ಕು ಸಾಲಲ್ಲಿ ಓಡಿಸಿರೋ, ಮನಃಶಾಸ್ತ್ರಜ್ಞ ಪೀಟರ್ ವೇಸನ್ ಮಾಡಿದ ಪ್ರಯೋಗದಲ್ಲೇ ಇದಕ್ಕೆ ಉತ್ತರ ಇದೆ, ನೀವು ಗಮನಿಸಿಲ್ಲ. 1960ರಲ್ಲಿ ಲಂಡನ್ನಲ್ಲಿ ಆತ 29 ವಿದ್ಯಾರ್ಥಿಗಳಿಗೆ 2-4-6 ಅಂತ ಮೂರು ಸಂಖ್ಯೆ ಕೊಟ್ಟು, ಇದು ನನ್ನ ಮನಸ್ಸಲ್ಲಿರೋ ಒಂದು ನಿಯಮಕ್ಕೆ ಸರಿಹೋಗುತ್ತೆ, ನೀವೂ ಮೂರ್ಮೂರು ಸಂಖ್ಯೆ ಹೇಳಿ, ಹೌದು ಅಲ್ಲ ಅಂತೀನಿ, ಖಾತ್ರಿ ಆದ್ಮೇಲೆ ನಿಯಮ ಹೇಳಿ ಅಂದ. ಎರಡೆರಡು ಜಾಸ್ತಿ ಆಗ್ತಿದೆ ಅಂತ ಅಂದ್ಕೊಂಡವರು 8-10-12 ಅಂತಾರೆ, ಹೌದು ಅಂತ ಉತ್ತರ ಬರುತ್ತೆ, 20-22-24, ಮತ್ತೆ ಹೌದು, ಖುಷಿಯಿಂದ ನಿಯಮ ಹೇಳಿದ್ರೆ ತಪ್ಪು. ಅವನ ನಿಯಮ ಬರೀ ಏರಿಕೆ ಕ್ರಮದ ಸಂಖ್ಯೆ ಅಂತ ಅಷ್ಟೇ. 1-2-3 ಅಂತ ಒಂದೇ ಒಂದು ಸಲ ಕೇಳಿದ್ರೆ ತಮ್ಮ ಊಹೆ ತಪ್ಪು ಅಂತ ಗೊತ್ತಾಗ್ತಿತ್ತು. ಆದ್ರೆ ತಾನು 'ಅಲ್ಲ' ಅಂತ ಬರುತ್ತೆ ಅಂದ್ಕೊಂಡಿರೋದನ್ನ ಕೇಳೋಕೆ ಯಾರಿಗೂ ಸುಲಭಕ್ಕೆ ತೋಚಲ್ಲ. ಮೊದಲನೇ ಸಲಕ್ಕೇ ಸರಿ ಹೇಳಿದವರು 6 ಜನ. ಈಗ ಹೇಳಿ, ಆ ಹುಡುಗರಿಗೆ 2-4-6 ಮೇಲೆ ಏನು ಹಠ ಇತ್ತು? ಜಾತಿ ಇಲ್ಲ, ಪಕ್ಷ ಇಲ್ಲ, ಆಸ್ತಿ ಇಲ್ಲ. ಹಠ ಇಲ್ಲದೇ ಇರೋ ಕಡೆನೂ ಮನಸ್ಸು ಹೀಗೇ ಹುಡುಕುತ್ತೆ ಅಂದ್ಮೇಲೆ ಚಿಕ್ಕಪ್ಪನ್ನ ಮೊಂಡ ಅನ್ನೋದು ಬರೀ ಅನ್ಯಾಯ ಅಲ್ಲ, ವಿಷಯನೇ ತಪ್ಪಾಗುತ್ತೆ.

ಈಗ ಆನೆ ವಿಷಯಕ್ಕೆ ಬರೋಣ. ಚಿಕ್ಕಪ್ಪ ಆನೆ ಹಿಡಿದು ಬೇರೆ ಕಡೆ ಬಿಡಬೇಕು ಅನ್ನೋರು, ಅಪ್ಪ ಅದ್ರಿಂದ ಏನೂ ಆಗಲ್ಲ ಅನ್ನೋರು. ಚಿಕ್ಕಪ್ಪ ತನಗೆ ಬೇಕಾದ ನ್ಯೂಸ್ ಮಾತ್ರ ಗ್ರೂಪಿಗೆ ಹಾಕ್ತಾರೆ ಅಂತ ಬರ್ದು ನಿಲ್ಲಿಸಿದೀರ. ಅದು ನಿಜನೇ, ಆದ್ರೆ ಅದು ಹೊರಗಡೆ ಕಾಣೋ ಭಾಗ. ಇಬ್ಬರೂ ಒಂದೇ ಪೇಪರಿನ ಒಂದೇ ಸುದ್ದಿ ಓದಿದಾಗ ಏನಾಗುತ್ತೆ ಅನ್ನೋದು ಇನ್ನೂ ದೊಡ್ಡದು, ಅದನ್ನ ನೀವು ಬಿಟ್ಟೇಬಿಟ್ಟಿದೀರ. ಅರ್ಜುನನ್ನೇ ತಗೊಳ್ಳಿ, ಎಂಟು ಸಲ ಅಂಬಾರಿ ಹೊತ್ತ ಆನೆ, 2023ರ ಡಿಸೆಂಬರಲ್ಲಿ ಯಸಳೂರು ಕಡೆ ಕಾರ್ಯಾಚರಣೆಲಿ ಕಾಡಾನೆ ಜೊತೆ ಕಾದಾಡಿ ಸತ್ತಾಗ ಹಾಸನದಲ್ಲಿ ಅದನ್ನ ಕೇಳದೇ ಇರೋ ಮನೆ ಇರ್ಲಿಲ್ಲ. ಒಂದೇ ಸುದ್ದಿ. ಕಾಡಾನೆ ಎಷ್ಟು ಅಪಾಯ ನೋಡಿ, ಎಲ್ಲ ಹಿಡಿಯಲೇಬೇಕು ಅಂತ ಒಬ್ಬರು, ಹಿಡಿಯೋ ಕೆಲಸನೇ ತಪ್ಪು ಅಂತ ಇದ್ರಿಂದಾನೇ ಗೊತ್ತಾಯ್ತಲ್ಲ ಅಂತ ಇನ್ನೊಬ್ಬರು. ಇಬ್ಬರೂ ಅತ್ತಿದ್ದು ನಿಜ.

ಇದನ್ನ ಸರಿಯಾಗಿ ಅಳೆದು ನೋಡಿದ್ದು 1979ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಲಾರ್ಡ್, ರಾಸ್, ಲೆಪ್ಪರ್ ಅನ್ನೋ ಮೂರು ಜನ ಮನಃಶಾಸ್ತ್ರಜ್ಞರು. ಮರಣದಂಡನೆ ಬೇಕು ಅನ್ನೋ 24 ವಿದ್ಯಾರ್ಥಿಗಳು, ಬೇಡ ಅನ್ನೋ 24. ಎಲ್ಲರಿಗೂ ಎರಡೆರಡು ಅಧ್ಯಯನ ಓದೋಕೆ ಕೊಟ್ರು, ಗಲ್ಲು ಇದ್ರೆ ಕೊಲೆ ಕಮ್ಮಿ ಆಗುತ್ತೆ ಅಂತ ಒಂದು, ಆಗಲ್ಲ ಅಂತ ಒಂದು, ಎರಡನ್ನೂ ಈ ಪ್ರಯೋಗಕ್ಕೆ ಅಂತಾನೇ ಬರ್ದಿದ್ದು. ಒಂದರಲ್ಲಿ ಆಯಾ ರಾಜ್ಯದಲ್ಲೇ ಗಲ್ಲಿನ ಕಾನೂನು ಬರೋಕೆ ಮುಂಚೆ ಮತ್ತು ಬಂದ್ಮೇಲೆ ಎಷ್ಟು ಕೊಲೆ ಅಂತ ಹೋಲಿಕೆ, ಇನ್ನೊಂದರಲ್ಲಿ ಗಲ್ಲು ಇರೋ ರಾಜ್ಯಕ್ಕೂ ಇಲ್ಲದ ಪಕ್ಕದ ರಾಜ್ಯಕ್ಕೂ ಹೋಲಿಕೆ. ಜಾಣತನ ಎಲ್ಲಿದೆ ಅಂದ್ರೆ ಅರ್ಧ ಜನಕ್ಕೆ ಫಲಿತಾಂಶ ಅದಲುಬದಲು ಮಾಡಿ ಕೊಟ್ಟಿದ್ರು. ಒಬ್ಬರಿಗೆ ಮುಂಚೆ-ಆಮೇಲೆ ಹೋಲಿಕೆ ಗಲ್ಲಿನ ಪರ ಇದ್ರೆ ಇನ್ನೊಬ್ಬರಿಗೆ ಅದೇ ಹೋಲಿಕೆ ವಿರುದ್ಧ. ಹಂಗಾಗಿ ಯಾವ ವಿಧಾನ ನಿಜವಾಗ್ಲೂ ಒಳ್ಳೇದು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಆದ್ರೂ ಇಬ್ಬರೂ ತಮ್ಮ ಕಡೆ ಇರೋ ಅಧ್ಯಯನ ಚೆನ್ನಾಗಿ ಮಾಡಿದಾರೆ ಅಂದ್ರು, ಎದುರಿನದ್ರಲ್ಲಿ ಹುಳುಕು ಹುಡುಕಿ ಹುಡುಕಿ ತೆಗೆದ್ರು. ಎರಡೂ ಕಡೆದು ಓದಿ ಮುಗಿಸಿದ್ಮೇಲೆ ನನ್ನ ಅಭಿಪ್ರಾಯ ಮುಂಚೆಗಿಂತ ಗಟ್ಟಿ ಆಯ್ತು ಅಂತ ಅವರೇ ಹೇಳಿದ್ರು.

ನಿಮ್ಮ ಕೊನೇ ಪ್ಯಾರಾ ಇಲ್ಲಿಗೆ ಬಿದ್ದುಹೋಯ್ತು. ಎರಡೂ ಕಡೆ ಓದಿ ಅಂತ ನೀವು ಹೇಳಿದ್ದನ್ನೇ ಆ 48 ಜನ ಮಾಡಿದ್ರು. ಇಲ್ಲಿ ಒಂದು ಎಚ್ಚರಿಕೆನೂ ಬರೀರಿ: ಅಭಿಪ್ರಾಯ ಇನ್ನೂ ಗಟ್ಟಿ ಆಗುತ್ತೆ ಅನ್ನೋ ಭಾಗ ಆಮೇಲಿನ ಪ್ರಯೋಗಗಳಲ್ಲಿ ಪ್ರತಿ ಸಲ ಕಂಡಿಲ್ಲ, ಮೂಲದಲ್ಲೂ ಅದು ಅವರವರೇ ಹೇಳಿಕೊಂಡಿದ್ದು. ತಮ್ಮ ಕಡೆ ಅಧ್ಯಯನಕ್ಕೆ ಜಾಸ್ತಿ, ಎದುರಿನದಕ್ಕೆ ಕಮ್ಮಿ ಅಂತ ಮಾರ್ಕ್ಸ್ ಕೊಡೋದ್ರಲ್ಲಿ ಭೇದ ಮಾಡೋದು ಮಾತ್ರ ಗಟ್ಟಿ ವಿಷಯ.

ಇದನ್ನ ನಿಮ್ಮನೆ ಜಗಲಿಗೆ ತನ್ನಿ. ಆನೆ ಸ್ಥಳಾಂತರ ಮಾಡಿದ್ಮೇಲೆ ಬೆಳೆ ಹಾನಿ ಅರ್ಜಿ ಕಮ್ಮಿ ಆಗಿದೆ ಅಂತ ಒಂದು ಸುದ್ದಿ ಬಂತು ಅಂದ್ಕೊಳ್ಳಿ. ಚಿಕ್ಕಪ್ಪ ನೋಡು ನಾನು ಹೇಳಿರ್ಲಿಲ್ವಾ ಅಂತಾರೆ, ಮುಂದಕ್ಕೆ ಒಂದು ಪ್ರಶ್ನೆನೂ ಇಲ್ಲ. ಅಪ್ಪ ಏನಂತಾರೆ, ಪರಿಹಾರ ಬರೋಕೆ ಎಷ್ಟು ಓಡಾಡ್ಬೇಕು, ಜನ ಬೇಸತ್ತು ಅರ್ಜಿ ಹಾಕೋದೇ ಬಿಟ್ಟಿದಾರೆ, ಅರ್ಜಿ ಕಮ್ಮಿ ಆದ್ರೆ ಹಾನಿ ಕಮ್ಮಿ ಆದಂಗಾ? ಒಳ್ಳೇ ಪ್ರಶ್ನೆ ಅದು, ನಾನೂ ಕೇಳ್ತಿದ್ದೆ. ಈಗ ಸುದ್ದಿ ತಿರುಗಿಸಿ, ಅರ್ಜಿ ಜಾಸ್ತಿ ಆಗಿದೆ ಅಂತ ಬಂತು ಅಂದ್ಕೊಳ್ಳಿ. ಅಪ್ಪನ ಆ ಒಳ್ಳೇ ಪ್ರಶ್ನೆ ಎಲ್ಲಿ ಹೋಯ್ತು? ಅರ್ಜಿ ಹೆಚ್ಚಾದ್ರೆ ಹಾನಿ ಹೆಚ್ಚಾದಂಗಾ ಅಂತ ಅವರು ಕೇಳಲ್ಲ, ಈ ಸಲ ಅದನ್ನ ಕೇಳೋದು ಚಿಕ್ಕಪ್ಪ. ಅಂದ್ರೆ ಪ್ರಶ್ನೆಲಿ ತಪ್ಪಿಲ್ಲ, ಅದು ಒಂದು ಕಡೆಗೆ ಮಾತ್ರ ಹೊರಗೆ ಬರುತ್ತೆ, ಗುರುತು ಹಿಡಿಯೋಕೆ ಅದೇ ಜಾಗ. ನೀವು ಗಮನಿಸಿದ್ರಾ, ಹುಷಾರಾಗಿರೋವ್ರಿಗೆ ಪ್ರಶ್ನೆ ಹುಟ್ಟೋದೂ ಜಾಸ್ತಿ, ಹಂಗಾಗಿ ಓದಿದವರು ಇದರಿಂದ ತಪ್ಪಿಸ್ಕೊಳ್ಳೋದು ಸುಲಭ ಅಲ್ಲ.

ಈ ಬಯಾಸ್ ಕಮ್ಮಿ ಮಾಡೋದು ಹೇಗೆ ಅನ್ನೋದಕ್ಕೂ ಒಂದು ಪ್ರಯೋಗ ಇದೆ, 1984ರದ್ದು, ಲಾರ್ಡ್ ಮತ್ತು ಲೆಪ್ಪರ್ ಜೊತೆ ಪ್ರೆಸ್ಟನ್ ಸೇರ್ಕೊಂಡಿದ್ರು. ಅದೇ ಗಲ್ಲಿನ ಅಧ್ಯಯನ ಕೊಟ್ಟು ಕೆಲವರಿಗೆ ಪಕ್ಷಪಾತ ಇಲ್ಲದೆ ನ್ಯಾಯಾಧೀಶರ ಥರ ತೂಗಿ ನೋಡಿ ಅಂದ್ರು, ಏನೂ ಉಪಯೋಗ ಆಗ್ಲಿಲ್ಲ, ಯಾಕಂದ್ರೆ ಎಲ್ಲರೂ ತಾವು ಹಂಗೇ ನೋಡ್ತಿದೀವಿ ಅಂದ್ಕೊಂಡೇ ಇರ್ತಾರೆ. ಇನ್ನು ಕೆಲವರಿಗೆ, ಇದೇ ಅಧ್ಯಯನ ಇದೇ ಥರ ಮಾಡಿ ಫಲಿತಾಂಶ ಮಾತ್ರ ಉಲ್ಟಾ ಬಂದಿದ್ರೆ ನೀವು ಇದೇ ಮಾರ್ಕ್ಸ್ ಕೊಡ್ತಿದ್ರಾ ಅಂತ ಹೆಜ್ಜೆ ಹೆಜ್ಜೆಗೂ ಕೇಳ್ಕೊಳ್ಳಿ ಅಂದ್ರು. ಅವರಲ್ಲಿ ಭೇದ ಕಮ್ಮಿ ಆಯ್ತು. ನಿಮ್ಮ ಕೊನೇ ಪ್ಯಾರಾ ತೆಗೆದು ಈ ಒಂದು ಪ್ರಶ್ನೆ ಹಾಕಿ, ಅರ್ಜಿ ಸುದ್ದಿ ಮೇಲೇ ಪ್ರಯೋಗ ಮಾಡಿ ತೋರ್ಸಿ.

ಇನ್ನು ಅಮ್ಮ ಅತ್ತಿಗೆ ಪ್ರಸಂಗ. ಬೆಂಗಳೂರಲ್ಲಿರೋ ಅತ್ತಿಗೆ ನಮ್ಮ ಫೋನ್ ಎತ್ತಲ್ಲ, ತವರಿನ ಫೋನ್ ಆದ್ರೆ ತಕ್ಷಣ ಎತ್ತುತ್ತಾಳೆ ಅಂತ ಅಮ್ಮ. ಅಮ್ಮಂದು ಅನುಮಾನದ ಬುದ್ಧಿ ಅಂತ ನೀವು. ಇಲ್ಲ ರೀ, ಅಮ್ಮ ಸುಳ್ಳು ಹೇಳ್ತಿಲ್ಲ, ಎತ್ತದೇ ಇದ್ದಿದ್ದು ನಡೆದಿದೆ. ಆದ್ರೆ ಆ ಮಾತು ನಿಲ್ಲಬೇಕು ಅಂದ್ರೆ ನಾಲ್ಕು ಲೆಕ್ಕ ಬೇಕು: ನಾವು ಮಾಡಿ ಎತ್ತಿದ್ದು, ನಾವು ಮಾಡಿ ಎತ್ತದೇ ಇದ್ದಿದ್ದು, ತವರವರು ಮಾಡಿ ಎತ್ತಿದ್ದು, ತವರವರು ಮಾಡಿ ಎತ್ತದೇ ಇದ್ದಿದ್ದು. ಅಮ್ಮನ ಹತ್ರ ಇರೋದು ಎರಡನೇದು, ಮತ್ತೆ ಮೂರನೇದರಲ್ಲಿ ಹಬ್ಬಕ್ಕೆ ಬಂದಾಗ ಕಣ್ಣಾರೆ ಕಂಡ ಒಂದೆರಡು. ಮೊದಲನೇದು ನೆನಪಲ್ಲಿ ಉಳಿಯಲ್ಲ, ಎತ್ತಿದ್ರೆ ಮಾತಾಡಿ ಇಟ್ರಾಯ್ತು, ಅದೊಂದು ಘಟನೆನೇ ಅಲ್ಲ. ನಾಲ್ಕನೇದು ಅಮ್ಮನಿಗೆ ಕಾಣೋ ಚಾನ್ಸೇ ಇಲ್ಲ, ಅದು ಆ ತವರಮ್ಮನ ಫೋನಲ್ಲಿ ಇರುತ್ತೆ, ಅವರೂ ಅಲ್ಲಿ ಕೂತು ಮಗಳು ನಮ್ಮನ್ನ ಮರೆತ್ಲು ಅಂತಿದ್ರೂ ಇರಬಹುದು.

ನಮ್ಮನೇಲೂ ಇದೇ ಆಗಿತ್ತು, ನನ್ನ ನಾದಿನಿ ವಿಷಯದಲ್ಲಿ. ಒಂದು ವರ್ಷ ನಾನು ಅವಳ ಮೇಲೆ ಮುನಿಸ್ಕೊಂಡಿದ್ದೆ. ಒಂದಿನ ಫೋನ್ ತೆಗೆದು ಆ ತಿಂಗಳ ಕಾಲ್ ಲಿಸ್ಟ್ ಎಣಿಸಿದೆ. 19 ಸಲ ಮಾಡಿದೀನಿ, 13 ಸಲ ಎತ್ತಿದಾಳೆ. ಎತ್ತದೇ ಇರೋ 6ರಲ್ಲಿ 4 ಬೆಳಗ್ಗೆ ಹತ್ತರಿಂದ ಹನ್ನೊಂದರೊಳಗೆ, ನಾನು ತಿಂಡಿ ಪಾತ್ರೆ ಮುಗಿಸಿ ಕೂರೋ ಹೊತ್ತು, ಅವಳು ಆಫೀಸಲ್ಲಿ ತಲೆ ಎತ್ತೋಕಾಗದ ಹೊತ್ತು. ಅವತ್ತು ನನಗೆ ಎದೆ ಹಿಂಡಿದಂಗಾಯ್ತು, ಆ 13ರಲ್ಲಿ ಒಂದು ಕಾಲೂ ನನಗೆ ನೆನಪಿರ್ಲಿಲ್ಲ.

ಆದ್ರೆ ಒಂದು ಮಾತು, ಇದನ್ನ ನೀವು ಬರೆಯೋವಾಗ ಬಿಡಲೇಬೇಡಿ. ಬಯಾಸ್ ಇದೆ ಅಂದ ಮಾತ್ರಕ್ಕೆ ಆ ನಂಬಿಕೆ ಸುಳ್ಳು ಅಂತಲ್ಲ, ಸರಿಯಾಗಿ ಪರೀಕ್ಷೆ ಆಗಿಲ್ಲ ಅಂತ ಅಷ್ಟೇ. ನಿಮ್ಮ ಲೇಖನದಲ್ಲಿ ಬಯಾಸ್ ಕಂಡಿದ್ದೇ ತಡ ಅಮ್ಮ ಸೋತ್ರು, ಅತ್ತಿಗೆ ಗೆದ್ರು. ನಿಮಗೆ ಅತ್ತಿಗೆ ಮೇಲೆ ಪ್ರೀತಿ ಅಂತ ಓದಿದವರಿಗೆ ಗೊತ್ತಾಗುತ್ತೆ, ಅಮ್ಮ ತಪ್ಪು ಅಂತ ತೋರಿಸೋ ಐದು ಘಟನೆ ಆರಿಸಿ ಹಾಕಿದೀರ, ಅಮ್ಮನ ಮಾತು ಸರಿ ಬಂದಿದ್ದು ಒಂದೂ ಇಲ್ಲ. ಅದೂ ಇದ್ದಿರಲೇಬೇಕು, ಹುಡುಕಿ.

ಈಗ ಮಾಡ್ಬೇಕಾದ್ದು. ಅಮ್ಮನ ಜೊತೆ ಕೂತು ಒಂದು ತಿಂಗಳ ಕಾಲ್ ಲಿಸ್ಟ್ ಎಣಿಸಿ, ಎಣಿಸೋಕೆ ಮುಂಚೆ ಎಷ್ಟಕ್ಕೆ ಎಷ್ಟು ಬಂದ್ರೆ ನಾನು ತಪ್ಪು ಅಂತ ಒಪ್ತೀನಿ ಅಂತ ನೀವೂ ಬರ್ದಿಡಿ, ಅಮ್ಮನ ಹತ್ರನೂ ಹೇಳಿಸಿ. ಎಣಿಸಿದ ಮೇಲೆ ಗೀಟು ಎಳೆಯೋಕೆ ಹೋದ್ರೆ ಗೆದ್ದವರ ಕಡೆಗೇ ಎಳೀತೀರ. ಅತ್ತಿಗೆ ಹತ್ರ ತವರಿನ ಲೆಕ್ಕ ಕೇಳೋಕೆ ಹೋಗ್ಬೇಡಿ, ಅದು ಕೇಳೋ ಹಕ್ಕು ನಮಗಿಲ್ಲ, ನಾಲ್ಕರಲ್ಲಿ ಎರಡು ಲೆಕ್ಕ ನಮಗೆ ಸಿಗಲ್ಲ ಅಂತಾನೇ ಬರೀರಿ. ಲೆಕ್ಕದಲ್ಲಿ ಅಮ್ಮ ಹೇಳಿದ್ದೇ ನಿಜ ಅಂತ ಬಂದ್ರೂ ಹಂಗೇ ಕಳ್ಸಿ, ನಾನು ಹಾಕ್ತೀನಿ. ಟೈಟಲ್ ಬದಲಾಯಿಸಿ, ಚಿಕ್ಕಪ್ಪನಿಗೆ ಒಂದು ಸಲ ಓದಿ ತೋರ್ಸಿ ಕಳಿಸಿ.