ರಿಲೀಸ್ ಆದ್ಮೇಲೆ ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಹಾಡು ಕಳ್ಸೋಕಾಗಲ್ವಾ?

ಹಾಡು ನಾಳೆ ಬಿಡ್ತಿದೀನಿ, ಎಡಿಟೋರಿಯಲ್ ಪ್ಲೇಲಿಸ್ಟ್‌ಗೆ ಆಮೇಲೆ ಪಿಚ್ ಮಾಡಿದ್ರೆ ನಡೆಯುತ್ತಾ? ಪ್ರೀ-ಸೇವ್ ಲಿಂಕ್ ಯಾಕೆ ಬೇಕು?

ನಡೆಯಲ್ಲ. ಬಿಡುಗಡೆ ಆದ ಹಾಡಿಗೆ ಪಿಚ್ ಆಪ್ಷನ್ನೇ ಬರಲ್ಲ. ಕನಿಷ್ಠ 7 ದಿನ ಮುಂಚೆ ಪಿಚ್ ಮಾಡಿದ್ರೆ ಎಡಿಟರ್‌ ಆರಿಸದಿದ್ರೂ ಆ ಹಾಡು ನಿಮ್ಮ ಫಾಲೋವರ್ಸ್‌ನ ರಿಲೀಸ್ ರೇಡಾರ್ ಅನ್ನೋ ಹೊಸ ಹಾಡುಗಳ ಪ್ಲೇಲಿಸ್ಟ್‌ಗೆ ಹೋಗುತ್ತೆ, ಹೊಸಬರಿಗೆ ನಿಜವಾದ ಲಾಭ ಇದೇ.

ಈಗ ಹಾಡು 26ನೇ ತಾರೀಖು ಅಂತಿಟ್ಕೊಳ್ಳಿ, 19ರೊಳಗೆ ಪಿಚ್ ಆಗ್ಬೇಕು, ಆದ್ರೆ ಡಿಸ್ಟ್ರಿಬ್ಯೂಟರ್ (ಹಾಡನ್ನ ಆ್ಯಪ್‌ಗಳಿಗೆ ತಲುಪಿಸೋರು) ಕಳ್ಸಿದ್ದು ಸ್ಪಾಟಿಫೈಗೆ ಸೇರೋಕೇ ಕೆಲವು ದಿನ ಬೇಕಲ್ಲ, ಅದಕ್ಕೆ 1ನೇ ತಾರೀಖೇ ಅಪ್‌ಲೋಡ್ ಮಾಡಿಬಿಡಿ. Spotify for Artists ಒಳಗೆ `Upcoming`ನಲ್ಲಿ ಹಾಡು ಕಾಣ್ತಿಲ್ಲ ಅಂದ್ರೆ ಇನ್ನೂ ತಲುಪಿಲ್ಲ ಅಂತ. ಒಂದ್ಸಲಕ್ಕೆ ಒಂದೇ ಹಾಡು, ವಿವರಣೆಗೆ 500 ಅಕ್ಷರ. "ಸೂಪರ್ ಮೆಲೊಡಿ" ಅಂತ ಬರೆದ್ರೆ ಎಡಿಟರ್‌ಗೆ ಏನೂ ಗೊತ್ತಾಗಲ್ಲ, "ಮೈಸೂರಿನ ಮಳೆ ಬಗ್ಗೆ ಕನ್ನಡ ಇಂಡಿ ಹಾಡು, ಬರೀ ವೀಣೆ, ಗಿಟಾರ್" ಅಂದ್ರೆ ಎಲ್ಲಿ ಹಾಕ್ಬೇಕು ಅಂತ ಹೊಳೆಯುತ್ತೆ.

ಪ್ರೀ-ಸೇವ್ ಬೇರೆ ಕಥೆ. ಕೇಳುಗರು ಅನುಮತಿ ಕೊಟ್ರೆ ರಿಲೀಸ್ ದಿನ ಹಾಡು ತಾನಾಗೇ ಅವರ ಲೈಬ್ರರಿಗೆ ಬೀಳುತ್ತೆ. ಅದು ಸ್ಟ್ರೀಮ್ ಅಲ್ಲ ಮಾರಾಯ್ರೇ, ಪ್ಲೇ ಒತ್ತಿ 30 ಸೆಕೆಂಡ್ ಕೇಳಿದ್ರೇನೇ ಲೆಕ್ಕ, ಹಾಗಾಗಿ ಅವತ್ತು ಬೆಳಿಗ್ಗೆ ಇನ್ನೊಂದು ಮೆಸೇಜ್ ಹಾಕಿ.