ಮೂರು ಕಿಲೋಮೀಟರ್ ಮತ್ತು ಹಸಿರು ಚುಕ್ಕೆ

ದೀಪಾವಳಿಗೆ ತಿಂಗಳ ಮುಂಚೆ ನಮ್ಮ ನಿಶ್ಚಿತಾರ್ಥವಾಯಿತು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಕಲಬುರಗಿಗೆ ಬಂದಿದ್ದಾಗ ನನ್ನ ಗೆಳತಿಯ ಟಿಂಡರ್ ಎಂಬ ಡೇಟಿಂಗ್ ಆ್ಯಪ್‌ನಲ್ಲಿ ಅವರ ಪ್ರೊಫೈಲ್ ಕಾಣಿಸಿತು: ‘3 ಕಿ.ಮೀ. ದೂರ’, ಜೊತೆಗೆ ಹಸಿರು ಚುಕ್ಕೆ. ಕೇಳಿದರೆ, ‘ಅದು ಹಳೆಯ ಖಾತೆ, ನಿಶ್ಚಿತಾರ್ಥಕ್ಕೆ ಮೊದಲೇ ಆ್ಯಪ್ ತೆಗೆದುಹಾಕಿದ್ದೇನೆ’ ಎನ್ನುತ್ತಾರೆ. ಗೆಳತಿಯಿಂದ ಮೆಸೇಜ್ ಮಾಡಿಸಿ ಪರೀಕ್ಷಿಸಲೇ? ಮೊಬೈಲ್ ಪಾಸ್‌ವರ್ಡ್ ಕೇಳಲೇ?
— ಹೆಸರು ಬೇಡ, ಕಲಬುರಗಿ

ತಂಗಿ, ಅವರ ಮಾತಿನ ಅರ್ಧ ಭಾಗ ನಿಜವಿರಬಹುದು. ಮೊಬೈಲ್‌ನಿಂದ ಆ್ಯಪ್ ತೆಗೆದರೆ ಖಾತೆ ಅಳಿಯುವುದಿಲ್ಲ. ಪ್ರೊಫೈಲ್ ಬೇರೆಯವರಿಗೆ ಕಾಣಿಸುತ್ತಲೇ ಇರಬಹುದು. ದೂರವನ್ನೂ ನಂಬಬೇಡಿ. ಆ್ಯಪ್ ಕೊನೆಯ ಸಲ ತೆರೆದ ಜಾಗವೇ ಅದರಲ್ಲಿ ಉಳಿದಿರುತ್ತದೆ. ಹಿಂದೆಂದೋ ಊರಿಗೆ ಬಂದಾಗ ತೆರೆದು ಆಮೇಲೆ ಮುಟ್ಟದೇ ಇದ್ದರೂ, ಸೂಪರ್ ಮಾರ್ಕೆಟ್‌ನಲ್ಲಿ ನಿಂತವರಿಗೆ ಅದು ಮೂರು ಕಿಲೋಮೀಟರ್ ಎಂದೇ ತೋರಿಸೀತು.

ಹಸಿರು ಚುಕ್ಕೆಯ ವಿಷಯ ಹಾಗಲ್ಲ. ಟಿಂಡರ್‌ನಲ್ಲಿ Recently Active ಎಂಬ ಆ ಗುರುತು ಹಿಂದಿನ 24 ಗಂಟೆಗಳಲ್ಲಿ ಖಾತೆ ಬಳಕೆಯಾದದ್ದನ್ನು ಹೇಳುತ್ತದೆ. ಯಾರಾದರೂ ಅವರ ಫೋಟೊ ಕದ್ದು ನಕಲಿ ಖಾತೆ ತೆರೆದಿರಬಹುದಲ್ಲ ಎಂದು ನಾನೂ ಯೋಚಿಸಿದೆ. ಆದರೆ ಅದು ತಮ್ಮದೇ ಖಾತೆ ಎಂದು ಅವರೇ ಒಪ್ಪಿದ್ದಾರೆ.

ಖಾತೆ ಅಳಿಸಲು ಮರೆತಿದ್ದರೆ ಅದು ಅಲಕ್ಷ್ಯ, ಕ್ಷಮಿಸಬಹುದು. ಉಂಗುರ ತೊಡಿಸಿದ ಮೇಲೆ ಅದನ್ನು ತೆರೆದು ನೋಡಿ, ನಿಮ್ಮ ಮುಂದೆ ಇಲ್ಲವೆಂದಿದ್ದರೆ ಗೆರೆ ದಾಟಿದಂತೆಯೇ, ಯಾರಿಗೂ ಒಂದು ಮೆಸೇಜ್ ಕಳಿಸಿರದಿದ್ದರೂ. ತೆರೆದದ್ದಕ್ಕಿಂತ ಆ ಸುಳ್ಳೇ ನನಗೆ ಭಾರವೆನಿಸುತ್ತದೆ.

ಗೆಳತಿಯನ್ನು ಮಾತ್ರ ಮುಂದೆ ಬಿಡಬೇಡಿ. ಅವರು ಉತ್ತರಿಸಿದರೂ, ಉತ್ತರಿಸದಿದ್ದರೂ ನಿಮಗೆ ಅನುಮಾನವೇ ಉಳಿಯುತ್ತದೆ, ಬಲೆ ಬೀಸಿದ ತಪ್ಪು ನಿಮ್ಮ ಪಾಲಿಗೆ ಬರುತ್ತದೆ. ಪಾಸ್‌ವರ್ಡ್ ಕೂಡ ಬೇಡ. ಆ ಮೊಬೈಲ್‌ನಲ್ಲಿ ಅವರ ತಂಗಿಯ, ಗೆಳೆಯರ ಗುಟ್ಟುಗಳೂ ಇವೆ. ಅವರ್ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಅದೂ ಅಲ್ಲದೆ, ಟಿಂಡರ್‌ನಲ್ಲಿ ಒಬ್ಬರನ್ನು ಅನ್‌ಮ್ಯಾಚ್ ಮಾಡಿದೊಡನೆ, ಅಂದರೆ ಅವರ ಸಂಪರ್ಕ ಕಡಿದೊಡನೆ, ಆ ಸಂಭಾಷಣೆ ಪಟ್ಟಿಯಿಂದಲೇ ಮಾಯವಾಗುತ್ತದೆ. ಹುಡುಕಿದರೂ ನಿಮಗೆ ಏನೂ ಸಿಗದೇ ಹೋಗಬಹುದು.

ಸ್ಕ್ರೀನ್‌ಶಾಟ್ ಇದ್ದರೆ ಎದುರಿಗಿಟ್ಟು, ಚುಕ್ಕೆಯ ಅರ್ಥ ಹೇಳಿ, ಕೊನೆಯ ಸಲ ಯಾವಾಗ ತೆರೆದಿರಿ ಎಂದು ಕೇಳಿ. ‘ಹಳೆಯ ಖಾತೆ’ ಎಂದೇ ಹಟ ಹಿಡಿದರೆ ಟಿಂಡರ್‌ನಿಂದ ತಮ್ಮ ಮಾಹಿತಿಯ ಪ್ರತಿಯನ್ನು ತರಿಸಿಕೊಳ್ಳಲು ಹೇಳಿ. ಖಾತೆಯ ಒಡೆಯರು ಕೋರಿದರೆ ಕಂಪನಿ ಅದನ್ನು ಕೊಡುತ್ತದೆ. ಯಾವ ದಿನ ಎಷ್ಟು ಸಲ ಆ್ಯಪ್ ತೆರೆದರು ಎಂಬುದು ಅದರಲ್ಲಿರುತ್ತದೆ. ದಿನಾಂಕಗಳ ಆ ಪುಟ ನೋಡಿದರೆ ಸಾಕು, ಮೆಸೇಜ್‌ಗಳನ್ನು ಓದಬೇಕಾಗಿಲ್ಲ. ಇದು ಖಾತೆ ಅಳಿಸುವುದಕ್ಕೆ ಮೊದಲೇ ಆಗಬೇಕು. ಆಮೇಲೆ ಅವರೇ ಸೆಟ್ಟಿಂಗ್ಸ್‌ನಲ್ಲಿ Delete Account ಒತ್ತಲಿ. ಪ್ಲೇ ಸ್ಟೋರ್ ಮೂಲಕ ಹಣ ಕಟ್ಟಿದ ಚಂದಾ ಇದ್ದರೆ ಅದನ್ನು ಅಲ್ಲಿ ಬೇರೆಯಾಗಿ ರದ್ದು ಮಾಡಬೇಕು.

ಇಷ್ಟಕ್ಕೂ ಅವರು ಒಪ್ಪದಿದ್ದರೆ ಮದುವೆಯ ದಿನ ಗೊತ್ತು ಮಾಡಬೇಡಿ. ಮನೆಯವರಿಗೆ ಕಾರಣ ಹೇಳಿ.