ಗ್ಯಾರಂಟಿ ಜಾಹೀರಾತಿನಲ್ಲಿ, ಷರತ್ತು ಕರಾರಿನಲ್ಲಿ

*ಅಕ್ಕಾ, ನಾನು ಡೊಂಬಿವಲಿಯಲ್ಲಿದ್ದೇನೆ, ಊರು ಕುಂದಾಪುರದ ಹತ್ತಿರ. ಬಿಕಾಂ ಆಗಿದೆ. ಥಾಣೆಯಲ್ಲಿ ಮಾವನ ಹೋಟೆಲಿನಲ್ಲಿ ಸಂಜೆ ಪಾಳಿಯ ಕ್ಯಾಶ್ ನೋಡಿಕೊಳ್ಳುತ್ತೇನೆ, ಸಂಬಳ 22,000. ಒಂದು ಆನ್‌ಲೈನ್ ಡೇಟಾ ಅನಾಲಿಟಿಕ್ಸ್ ಕೋರ್ಸಿನವರು ವರ್ಷಕ್ಕೆ 6 ಲಕ್ಷದ ಕೆಲಸ ಗ್ಯಾರಂಟಿ, ಸಿಗದಿದ್ದರೆ ಹಣ ವಾಪಸ್ ಅನ್ನುತ್ತಾರೆ. ಫೀಸು 96,000. ಸೀಟಿಗೆಂದು 5,000 ಕಟ್ಟಿ ಆಧಾರ್, ಪ್ಯಾನ್ ಕಳಿಸಿದ್ದೇನೆ. ಉಳಿದದ್ದು ನೋ ಕಾಸ್ಟ್ ಇಎಂಐ. ಭಾನುವಾರದೊಳಗೆ ಹೇಳಬೇಕಂತೆ. ಸೇರಲೇ?*

ಈಗಲೇ ಸೇರಬೇಡಿ. ಅವರು ಮೋಸಗಾರರೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಆದರೆ ಅವರ ಗ್ಯಾರಂಟಿ ನಿಮಗೆ ಸಿಗುತ್ತದೆಯೇ ಎಂದು ನೀವೇ ನೋಡಬಹುದು.

ಮೊದಲು ಆ ಇಎಂಐ ವಿಷಯ. ನೀವು ಫೀಸನ್ನು ಕಂತಿನಲ್ಲಿ ಕಟ್ಟುತ್ತಿಲ್ಲ, ಸಾಲ ಮಾಡುತ್ತಿದ್ದೀರಿ. ಸಾಮಾನ್ಯವಾಗಿ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಸಾಲ ಬರೆದು ಹಣವನ್ನು ಕೋರ್ಸಿನವರಿಗೆ ಕೊಟ್ಟುಬಿಡುತ್ತದೆ. ಕ್ಲಾಸು ಇಷ್ಟವಾಗದಿದ್ದರೂ, ಕೋರ್ಸೇ ನಿಂತುಹೋದರೂ ಕಂತು ಕೇಳುವುದು ಆ ಕಂಪನಿ. ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ‘ಸೀಟು ರಿಜಿಸ್ಟ್ರೇಷನ್’ ಎಂದು ಫೋನಿನಲ್ಲೇ ಓಟಿಪಿ ಕೇಳಿದರೆ ಕೊಡಬೇಡಿ. ಆ ಎಸ್‌ಎಂಎಸ್ ಪೂರ್ತಿ ಓದಿ. ಅದರಲ್ಲಿ ಸಾಲದ ಒಪ್ಪಂದ ಅಂತಲೋ, ಇ-ಮ್ಯಾಂಡೇಟ್ ಅಂತಲೋ ಇದ್ದರೆ ನಿಮ್ಮ ಖಾತೆಯಿಂದ ತಿಂಗಳು ತಿಂಗಳು ಹಣ ಎಳೆಯಲು ಅನುಮತಿ ಕೇಳುತ್ತಿದ್ದಾರೆ ಎಂದರ್ಥ.

ದಾಖಲೆ ಕೊಟ್ಟಾಗಿದೆ, ಹಾಗಾಗಿ ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಪ್ರತಿ ಕ್ರೆಡಿಟ್ ಬ್ಯೂರೋದಿಂದ ವರ್ಷಕ್ಕೊಂದು ಉಚಿತ. ಹೊಸ ಸಾಲ ಅದರಲ್ಲಿ ಕಾಣಲು ಸ್ವಲ್ಪ ದಿನ ಬೇಕು, ಆದ್ದರಿಂದ ಮೇಲ್ ಕೂಡ ಹುಡುಕಿ. ಆಗಲೇ ಸಾಲ ಆಗಿದ್ದರೆ ಹೆದರಬೇಡಿ, ಆದರೆ ತಡಮಾಡಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಡಿಜಿಟಲ್ ಸಾಲಕ್ಕೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಸಾಲದ ವಿವರಪತ್ರ ಕೊಡಲೇಬೇಕು. ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಲು ಎಷ್ಟು ದಿನ ಇದೆ ಎಂದು ಅದರಲ್ಲೇ ಬರೆದಿರುತ್ತದೆ. ಆ ಅವಧಿ ತೀರಾ ಚಿಕ್ಕದಿರಬಹುದು.

ಇನ್ನು ಗ್ಯಾರಂಟಿ. ಕರಾರಿನ ಪಿಡಿಎಫ್ ತರಿಸಿಕೊಂಡು ರೀಫಂಡ್ ಷರತ್ತು ಓದಿ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದು: ಹಾಜರಿ ಇಷ್ಟು ಇರಬೇಕು, ಎಲ್ಲ ಅಸೈನ್‌ಮೆಂಟ್ ಹೊತ್ತಿಗೆ ಸರಿಯಾಗಿ ಕೊಡಬೇಕು, ವಾರಕ್ಕೆ ಇಷ್ಟು ಅರ್ಜಿ ಹಾಕಬೇಕು, ಬಂದ ಆಫರ್ ಒಂದನ್ನೂ ಬಿಡಬಾರದು. ಲೈವ್ ಕ್ಲಾಸು ರಾತ್ರಿ 8ರಿಂದ 10, ಹಾಜರಿ ನೂರಕ್ಕೆ 90 ಎಂದಿದ್ದರೆ ನೀವೇ ಯೋಚಿಸಿ. ಆ ಹೊತ್ತಿಗೆ ನಿಮ್ಮ ಕೌಂಟರ್ ಮುಂದೆ ಪಾರ್ಸೆಲ್ಲಿನವರ ಸಾಲು ನಿಂತಿರುತ್ತದೆ, ಅಲ್ವಾ? ಮೊದಲ ವಾರದಲ್ಲೇ ಗ್ಯಾರಂಟಿ ಹೋಯಿತು, ಕಂತು ಮಾತ್ರ ಉಳಿಯಿತು. ‘ಕೆಲಸ’ ಅಂದರೆ ಏನು ಎಂದೂ ನೋಡಿ. 10,000ದ ಇಂಟರ್ನ್‌ಶಿಪ್ಪೂ ಕೆಲಸದ ಲೆಕ್ಕಕ್ಕೆ ಬಂದರೆ 6 ಲಕ್ಷ ಬರೀ ಪೋಸ್ಟರಿನ ಅಂಕಿ.

‘ನೂರಕ್ಕೆ 80 ಪ್ಲೇಸ್‌ಮೆಂಟ್’ ಎಂದು ಜಾಹೀರಾತಿನಲ್ಲಿದ್ದರೆ, ಯಾವ ನೂರು ಎಂದು ಕೇಳಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: 100 ಜನ ಸೇರಿದರು. ಷರತ್ತೆಲ್ಲ ದಾಟಿ ‘ಅರ್ಹ’ರಾದವರು 25. ಅವರಲ್ಲಿ 20 ಜನಕ್ಕೆ ಕೆಲಸ ಸಿಕ್ಕಿತು. ಜಾಹೀರಾತು 80 ಅನ್ನುತ್ತದೆ. ದುಡ್ಡು ಕಟ್ಟಿದವರ ಲೆಕ್ಕದಲ್ಲಿ ಅದು 20.

ಹಳೆಯ ವಿದ್ಯಾರ್ಥಿಗಳದ್ದೆಂದು ಕೋರ್ಸಿನವರು ಕೊಡುವ ನಂಬರಿಗೆ ಫೋನ್ ಮಾಡಬೇಡಿ. ಲಿಂಕ್ಡ್‌ಇನ್‌ನಲ್ಲಿ ಆ ಕೋರ್ಸಿನ ಹೆಸರು ಹಾಕಿ, ಮುಗಿಸಿ ವರ್ಷವಾದ ನಾಲ್ಕೈದು ಜನರನ್ನು ನೀವೇ ಹುಡುಕಿ. ಈಗಿನ ಕೆಲಸಕ್ಕೆ ಸೇರಿದ ತಿಂಗಳು ನೋಡಿ, ಕೋರ್ಸಿಗೂ ಮೊದಲೇ ಅಲ್ಲಿದ್ದರೇ? ಮೊದಲೇ ಎಂಜಿನಿಯರ್ ಆಗಿದ್ದು, ಮೂರು ವರ್ಷ ಅನುಭವ ಇದ್ದವರೇ? ನಿಮ್ಮ ಹಾಗೆ ಬಿಕಾಂ ಮಾಡಿ ಬೇರೆ ಕೆಲಸದಲ್ಲಿದ್ದವರು ಯಾರಾದರೂ ಇದ್ದರೆ ಅವರಿಗೇ ಬರೆಯಿರಿ. ಜಾಸ್ತಿ ಬೇಡ, ಒಂದೇ ಪ್ರಶ್ನೆ: ‘ಯಾರಿಗಾದರೂ ರೀಫಂಡ್ ಬಂದಿದ್ದು ಗೊತ್ತಾ?’

ಕಲಿಯುವ ಆಸೆ ಒಳ್ಳೆಯದೇ. ಎಕ್ಸೆಲ್, ಎಸ್‌ಕ್ಯೂಎಲ್ ಯೂಟ್ಯೂಬಿನಲ್ಲೂ, ಸರ್ಕಾರದ ಸ್ವಯಂ ತಾಣದಲ್ಲೂ ಉಚಿತವಾಗಿ ಸಿಗುತ್ತವೆ. ಹೋಟೆಲಿನ ಆರು ತಿಂಗಳ ಬಿಲ್ ಲೆಕ್ಕ ತೆಗೆದು, ಯಾವ ವಾರ ಯಾವ ಐಟಂ ಹೋಯಿತು ಎಂದು ಮಾಡಿ ನೋಡಿ. ಇದು ನಿಮಗೆ ಒಗ್ಗುತ್ತದೋ ಇಲ್ಲವೋ ದುಡ್ಡಿಲ್ಲದೆ ತಿಳಿಯುತ್ತದೆ. ಮಾವನಿಗೂ ಹೇಳಿಬಿಡಿ. ಕಂತಿನ ಫೋನು ಒಂದು ದಿನ ಅವರಿಗೂ ಬರಬಹುದು.

ಇವತ್ತೇ ಕೋರ್ಸಿನವರಿಗೆ ಮೇಲ್ ಹಾಕಿ: ‘ಸಾಲಕ್ಕೆ ನನ್ನ ಒಪ್ಪಿಗೆ ಇಲ್ಲ. ರೀಫಂಡ್ ಷರತ್ತು, ಕಳೆದ ಬ್ಯಾಚಿಗೆ ಸೇರಿದವರು, ಮುಗಿಸಿದವರು, ಕೆಲಸ ಸಿಕ್ಕವರ ಸಂಖ್ಯೆ ಬರೆದು ಕಳಿಸಿ. ಇಲ್ಲದಿದ್ದರೆ ನನ್ನ 5,000 ವಾಪಸ್ ಮಾಡಿ.’ ಉತ್ತರ ಫೋನಿನಲ್ಲಿ ಬಂದರೆ ‘ಮೇಲ್‌ನಲ್ಲೇ ಹೇಳಿ’ ಎಂದು ಇಟ್ಟುಬಿಡಿ. ಹಣ ಕೊಡದೆ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಮುಂದೆ ಹೋಗಬೇಕಾದರೆ, ಕೋರ್ಸಿನವರ ಆಫೀಸು ಯಾವ ಊರಲ್ಲೇ ಇರಲಿ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು.